ಪುರುಷರ ಮುಖಕ್ಕೂ ಬಂತು ಬಣ್ಣದ ಕ್ರೀಮ್: ಬೆಳ್ಳಗೆ ಕಾಣುವ ಆಸೆ ಬಿಟ್ಟರಷ್ಟೇ ಉಪಯೋಗ!

ಭಾರತದಲ್ಲಿ ಗಂಡಸರ ಮುಖದ ಕ್ರೀಮ್ ಎಂದರೆ ಬಹುಕಾಲ ಬೆಳ್ಳಗಾಗಿಸುವ ಕ್ರೀಮ್ ಎಂದೇ ಅರ್ಥವಿತ್ತು. ಇಮಾಮಿ ಕಂಪನಿ 2005ರಲ್ಲಿ ‘ಫೇರ್ ಅಂಡ್ ಹ್ಯಾಂಡ್ಸಮ್’ ಮಾರುಕಟ್ಟೆಗೆ ತಂದಿದ್ದೇ ಈ ಆಸೆಯನ್ನು ನಂಬಿ. ವರ್ಣಭೇದದ ಚರ್ಚೆ ಜೋರಾದ 2020ರಲ್ಲಿ ಹಿಂದೂಸ್ತಾನ್ ಯೂನಿಲಿವರ್ ತನ್ನ ‘ಫೇರ್ ಅಂಡ್ ಲವ್ಲಿ’ ಹೆಸರಿನಿಂದ ‘ಫೇರ್’ ಪದವನ್ನೇ ಕೈಬಿಟ್ಟಿತು. ಅಷ್ಟರಲ್ಲಿ, 2018ರಲ್ಲೇ, ಶನೆಲ್ ಕಂಪನಿ ಪುರುಷರ ಮೇಕಪ್ ಸಾಲನ್ನು ಮೊದಲು ದಕ್ಷಿಣ ಕೊರಿಯಾದಲ್ಲಿ ಬಿಡುಗಡೆ ಮಾಡಿತ್ತು.

ಈಗ ಟಿಂಟೆಡ್ ಮಾಯಿಶ್ಚರೈಸರ್ ಮತ್ತು ಕನ್ಸೀಲರ್ ನಮ್ಮಲ್ಲೂ ಪುರುಷರ ಹೆಸರಿನಲ್ಲೇ ಸಿಗುತ್ತಿವೆ. ಇವುಗಳ ಭರವಸೆ ಬೇರೆ. ಚರ್ಮದ ಬಣ್ಣ ಬದಲಿಸುವುದಲ್ಲ, ಅಲ್ಲಲ್ಲಿ ಇರುವ ಕಪ್ಪು ಕಲೆ, ಕೆಂಪನ್ನು ಮರೆಸಿ ಮುಖವನ್ನು ಒಂದೇ ಸಮ ಕಾಣಿಸುವುದು. ಆದರೆ ಕೊಳ್ಳುವವರ ಹಳೆಯ ಅಭ್ಯಾಸ ಸುಲಭವಾಗಿ ಬಿಡುವುದಿಲ್ಲ. ಎರಡು ಶೇಡ್ ನಡುವೆ ಗೊಂದಲವಾದರೆ ಕೈ ತಾನಾಗಿ ತಿಳಿಯಾದುದರ ಕಡೆ ಹೋಗುತ್ತದೆ. ಎಡವುವುದು ಅಲ್ಲೇ.

ಮುಖ ಬೂದಿ ಬಣ್ಣಕ್ಕೆ ತಿರುಗುವುದೇಕೆ?

ಈ ಕ್ರೀಮ್‌ಗಳ ಬಣ್ಣ ಬರುವುದು ಮುಖ್ಯವಾಗಿ ಕೆಂಪು, ಹಳದಿ, ಕಪ್ಪು ಐರನ್ ಆಕ್ಸೈಡ್‌ಗಳಿಂದ. ಶೇಡ್ ತಿಳಿಯಾಗಿಸಲು ಟೈಟಾನಿಯಂ ಡೈಆಕ್ಸೈಡ್ ಎಂಬ ಬಿಳಿ ಪುಡಿಯನ್ನು ಹೆಚ್ಚು ಬೆರೆಸುತ್ತಾರೆ. ಗೋಧಿ ಬಣ್ಣದ ಅಥವಾ ಕಪ್ಪು ಚರ್ಮದ ಮೇಲೆ ಈ ಬಿಳುಪು ಕೂತರೆ ಮುಖ ಬೆಳ್ಳಗಾಗುವುದಿಲ್ಲ, ಬೂದಿ ಬಳಿದಂತಾಗುತ್ತದೆ. ಹಳದಿ ಛಾಯೆಯ ಚರ್ಮಕ್ಕೆ ಗುಲಾಬಿ ಛಾಯೆಯ ಶೇಡ್ ಹಚ್ಚಿದರೂ ಹೀಗೇ ಆಗುತ್ತದೆ.

ಆದ್ದರಿಂದ ಶೇಡ್ ಪರೀಕ್ಷಿಸಬೇಕಾದ ಜಾಗ ಮುಂಗೈ ಅಲ್ಲ, ದವಡೆಯ ಅಂಚು. ಗಡ್ಡ ಇರುವವರು ಕಿವಿಯ ಮುಂದೆ ಕೂದಲಿಲ್ಲದ ಜಾಗದಲ್ಲಿ ಹಚ್ಚಿ, ಕುತ್ತಿಗೆಯ ಬಣ್ಣದೊಂದಿಗೆ ಹೋಲಿಸಬಹುದು. ಕೆಲವು ಶೇಡ್‌ಗಳು ಚರ್ಮದ ಎಣ್ಣೆ ತಗುಲಿ ಸ್ವಲ್ಪ ಗಾಢವಾಗುತ್ತವೆ. ಹಾಗಾಗಿ ಅರ್ಧ ಗಂಟೆ ಬಿಟ್ಟು, ಅಂಗಡಿಯ ದೀಪದಲ್ಲಲ್ಲದೆ ಹೊರಗಿನ ಬೆಳಕಿನಲ್ಲಿ ನೋಡಬೇಕು. ಹಚ್ಚಿದ ಜಾಗ ಯಾವುದೆಂದು ಹುಡುಕಬೇಕಾಗಿ ಬಂದರೆ ಅದೇ ಸರಿಯಾದ ಶೇಡ್.

ಒಂದು ಉದಾಹರಣೆ

ಪುಣೆಯ ಕಚೇರಿಯೊಂದರಲ್ಲಿ ದುಡಿಯುವ, ನಿತ್ಯ ಶೇವ್ ಮಾಡುವ ಮೂವತ್ತರ ಯುವಕನನ್ನು ಊಹಿಸಿಕೊಳ್ಳಿ. ಕಣ್ಣಿನ ಕೆಳಗೆ ನೀಲಿಗಪ್ಪು, ಗಲ್ಲದ ಮೇಲೆ ಹಳೆಯ ಮೊಡವೆಯ ಎರಡು ಕಲೆ. ಶೇವ್ ಆದ ಕೂಡಲೇ ಕ್ರೀಮ್ ಹಚ್ಚಿದರೆ ಉರಿಯಬಹುದು. ಹತ್ತು ನಿಮಿಷ ಬಿಟ್ಟು ಮೊದಲು ಸನ್‌ಸ್ಕ್ರೀನ್ ಹಚ್ಚಿ, ಅದು ಆರಿದ ಮೇಲೆ ಬಟಾಣಿ ಕಾಳಿನಷ್ಟು ಟಿಂಟೆಡ್ ಮಾಯಿಶ್ಚರೈಸರ್ ತೆಗೆದುಕೊಂಡರೆ ಸಾಕು. ಮೂಗಿನ ಪಕ್ಕದಿಂದ ಶುರುಮಾಡಿ ಹೊರಕ್ಕೆ ತೆಳುವಾಗಿ ಸವರುತ್ತಾ, ಕಿವಿ ಹಾಗೂ ದವಡೆ ಬರುವಷ್ಟರಲ್ಲಿ ಬೆರಳಲ್ಲಿ ಏನೂ ಉಳಿಯದಂತೆ ನೋಡಿಕೊಳ್ಳಬೇಕು. ಹುಬ್ಬು, ಮೀಸೆ, ಕೂದಲಂಚಿಗೆ ತಾಗಿಸಬಾರದು. ಕೂದಲಿಗೆ ಮೆತ್ತಿದ ಕ್ರೀಮೇ ಮೊದಲು ಗುಟ್ಟು ರಟ್ಟು ಮಾಡುವುದು.

ಕನ್ಸೀಲರ್ ಕಲೆಯ ಮೇಲಷ್ಟೇ. ಬೆರಳ ತುದಿಯಿಂದ ಚುಕ್ಕೆಯಿಟ್ಟು, ಉಜ್ಜದೆ, ಅಂಚನ್ನು ಮಾತ್ರ ತಟ್ಟಿ ಬೆರೆಸಬೇಕು. ಕಣ್ಣಿನ ಕೆಳಗಿನ ನೀಲಿಗಪ್ಪಿಗೆ ತಿಳಿ ಶೇಡ್ ಹಚ್ಚಿದರೆ ಅಲ್ಲಿಯೂ ಬೂದಿಯೇ. ಪೀಚ್ ಅಥವಾ ಕಿತ್ತಳೆ ಛಾಯೆಯ ಕರೆಕ್ಟರ್ ನೀಲಿಯನ್ನು ತಗ್ಗಿಸುತ್ತದೆ. ಅದನ್ನು ತೆಳುವಾಗಿ ತಟ್ಟಿ, ಬೇಕಿದ್ದರಷ್ಟೇ ಮೇಲೆ ಚರ್ಮದ ಬಣ್ಣದ ಕನ್ಸೀಲರ್ ಹಚ್ಚಬಹುದು. ಕೊನೆಗೆ ಟಿಶ್ಯೂ ಒತ್ತಿ ಜಿಡ್ಡು ತೆಗೆದು, ಕಿಟಕಿಯ ಬಳಿ ಒಮ್ಮೆ ಕನ್ನಡಿ ನೋಡಿದರೆ ಆಯಿತು.

ಯಾವುದು ಸಾಧ್ಯವಿಲ್ಲ?

ಬಣ್ಣ ಕಲೆಯನ್ನು ಮುಚ್ಚುತ್ತದೆ, ಉಬ್ಬನ್ನಲ್ಲ. ಒಳಕ್ಕೆ ಬೆಳೆದ ಕೂದಲಿನ ಗುಳ್ಳೆ, ಮೊಡವೆಯ ಗುಂಡಿಗಳ ಮೇಲೆ ಕನ್ಸೀಲರ್ ದಪ್ಪ ಮಾಡಿದಷ್ಟೂ ಅವು ಎದ್ದು ಕಾಣುತ್ತವೆ.

ಟ್ಯೂಬ್ ಮೇಲೆ ಎಸ್‌ಪಿಎಫ್ 30 ಎಂದಿದ್ದರೂ ಅದನ್ನೇ ನಂಬಿಕೊಳ್ಳುವಂತಿಲ್ಲ. ಪ್ರಯೋಗಾಲಯದಲ್ಲಿ ಆ ಅಂಕಿ ಬರುವುದು ಚರ್ಮದ ಪ್ರತಿ ಚದರ ಸೆಂಟಿಮೀಟರ್‌ಗೆ 2 ಮಿಲಿಗ್ರಾಂ ಹಚ್ಚಿದಾಗ. ಬಟಾಣಿ ಕಾಳಿನಷ್ಟು ಅದಕ್ಕೆ ಸಾಲದು. ಆದರೂ ಒಂದು ಲಾಭವಿದೆ. ಬಂಗಿನಂಥ ಕಪ್ಪು ಕಲೆಯನ್ನು ಹೆಚ್ಚಿಸುವ, ಕಣ್ಣಿಗೆ ಕಾಣುವ ಬೆಳಕನ್ನು ಸಾಮಾನ್ಯ ಸನ್‌ಸ್ಕ್ರೀನ್ ಅಷ್ಟಾಗಿ ತಡೆಯುವುದಿಲ್ಲ, ಐರನ್ ಆಕ್ಸೈಡ್ ತಡೆಯುತ್ತದೆ. ಚರ್ಮತಜ್ಞರು ಬಂಗು ಇರುವವರಿಗೆ ಬಣ್ಣ ಬೆರೆತ ಸನ್‌ಸ್ಕ್ರೀನ್ ಸೂಚಿಸುವುದು ಇದಕ್ಕೇ.

ಕಲೆ ಹರಡುತ್ತಿದ್ದರೆ ಅದನ್ನು ಮುಚ್ಚಿಡದೆ ವೈದ್ಯರಿಗೆ ತೋರಿಸಬೇಕು. ಇಂಥ ಹೊತ್ತಿನಲ್ಲಿ ಔಷಧದಂಗಡಿಯಿಂದ ಸ್ಟಿರಾಯ್ಡ್ ಕ್ರೀಮ್ ತಂದು ಹಚ್ಚಿ ಚರ್ಮ ತೆಳುವಾಗಿಸಿಕೊಂಡವರು ದೇಶದಲ್ಲಿ ಕಡಿಮೆಯಿಲ್ಲ. ಟಿಂಟೆಡ್ ಕ್ರೀಮ್ ರಾತ್ರಿ ಮುಖ ತೊಳೆದರೆ ಹೋಗುತ್ತದೆ. ಬೆಳ್ಳಗಾಗುವ ಹಟದಲ್ಲಿ ಆದ ಹಾನಿ ಅಷ್ಟು ಸುಲಭಕ್ಕೆ ಹೋಗುವುದಿಲ್ಲ.