ಒಂಟಿ ‘ಇಲ್ಲ’ದ ಬಗ್ಗೆ ಒಂದು ತಕರಾರು

ಕಳೆದ ವರ್ಷ ನಾವು ಕೆಲಸ ಮಾಡ್ತಿದ್ದ ಪಾರ್ಕಿಂಗ್ ಆಪ್‌ನಲ್ಲಿ ಒಂದು ಸೂಚನೆ ಹಾಕಿದ್ವಿ. ಫೋನಿನಲ್ಲಿ ಅದರ ತಲೆಬರಹ ಕಂಡದ್ದು ಹೀಗೆ:

ದಸರಾ ರಜೆಯಲ್ಲಿ ನಿಲ್ದಾಣದ
ಪಾರ್ಕಿಂಗ್‌ಗೆ ಹೆಚ್ಚುವರಿ ಶುಲ್ಕ
ಇಲ್ಲ

ಮೇಲಿನ ಎರಡು ಸಾಲು ಓದಿ ಬೈದುಕೊಂಡು ಮುಂದೆ ಹೋಗೋರು ಎಷ್ಟು ಮಂದಿ ಇರಬಹುದು, ನೀವೇ ಯೋಚಿಸಿ. ಇಂಗ್ಲಿಷಿನಲ್ಲಿ ‘ನೋ’ ಮೊದಲೇ ಬಂದುಬಿಡುತ್ತೆ. ಕನ್ನಡದಲ್ಲಿ ಇಲ್ಲ, ಬೇಡ, ಸಾಧ್ಯವಿಲ್ಲ ಎಲ್ಲವೂ ಬರೋದು ವಾಕ್ಯದ ಕೊನೆಗೆ. ಹಾಗಾಗಿ ಕೊನೇ ಸಾಲಿನಲ್ಲಿ ಒಂಟಿಯಾಗಿ ಬಿದ್ದ ಪದ ಅವರಿಗೆ ಅಂದದ ಪ್ರಶ್ನೆ. ನಮಗೆ ಅದು ಅರ್ಥದ ಪ್ರಶ್ನೆ.

ನಾನು ಇದನ್ನ ಹೇಳಿದಾಗ ಬಂದ ಉತ್ತರ: “ಗುರು, ಶುಲ್ಕ ಅನ್ನೋದರ ಹಿಂದೆ ಒಂದು `<br>` ಹಾಕು, ಮುಗೀತು.” ಹಾಕಿದೆ. ನನ್ನ ಫೋನಿನಲ್ಲಿ ಸರಿಹೋಯ್ತು. ಅಕ್ಷರ ದೊಡ್ಡದು ಮಾಡ್ಕೊಂಡು ಓದೋ ಅಪ್ಪನ ಫೋನಿನಲ್ಲಿ ‘ಹೆಚ್ಚುವರಿ’ ಅನ್ನೋದು ಒಂದು ಸಾಲಿನಲ್ಲಿ ಅನಾಥವಾಗಿ ನಿಂತಿತ್ತು. ಲ್ಯಾಪ್‌ಟಾಪಿನಲ್ಲಿ ಜಾಗ ಬೇಕಾದಷ್ಟಿದ್ದರೂ ತಲೆಬರಹ ನಡುವೆ ಮುರಿದಿತ್ತು. `<br>` ಅನ್ನೋದು ಒಂದೇ ಅಳತೆಯ ಪರದೆಗೆ ಹೊಲಿದ ಅಂಗಿ.

ಇನ್ನೊಬ್ಬರು ಕೊನೆಯ ಎರಡು ಪದಗಳನ್ನ ` ` ಹಾಕಿ ಅಂಟಿಸು ಅಂದ್ರು. ಆಗ ‘ಶುಲ್ಕ ಇಲ್ಲ’ ಒಟ್ಟಿಗೆ ಕೆಳಗಿಳಿಯುತ್ತೆ, ನಿಜ. ಆದರೆ ಮೇಲಿನ ಸಾಲುಗಳು ಇದ್ದಷ್ಟೇ ಉದ್ದ. ಜೊತೆಗೆ ನಮ್ಮ ಪದಗಳು ವಿಭಕ್ತಿ ಪ್ರತ್ಯಯಗಳನ್ನೆಲ್ಲ ಹೊತ್ತುಕೊಂಡು ಉದ್ದ ಇರ್ತವೆ. ಅಂಥ ಎರಡನ್ನ ಅಂಟಿಸಿದರೆ ಸಣ್ಣ ಪರದೆಯಲ್ಲಿ ಅಂಚು ದಾಟಿಹೋಗುತ್ತವೆ.

ಇಷ್ಟೆಲ್ಲ ಸರ್ಕಸ್ಸಿಗೆ ಬದಲು ಬೇಕಾಗಿದ್ದದ್ದು ಇಷ್ಟೇ:

```css
h1, h2, h3 {
  text-wrap: balance;
}
```

ಇದು ಮಾಡೋ ಕೆಲಸ ಸರಳ. ಬ್ರೌಸರ್ ಸಾಮಾನ್ಯವಾಗಿ ಒಂದು ಸಾಲಿನಲ್ಲಿ ಎಷ್ಟು ಪದ ಹಿಡಿಯುತ್ತೋ ಅಷ್ಟನ್ನೂ ತುರುಕಿ, ಉಳಿದದ್ದನ್ನ ಕೆಳಗೆ ತಳ್ಳುತ್ತೆ. ಚೀಲದ ತಳದಲ್ಲಿ ಉಳಿದ ಚಿಲ್ಲರೆಯೇ ನಮ್ಮ ‘ಇಲ್ಲ’. `balance` ಹಾಕಿದರೆ ಅದು ಮೊದಲು ಎಷ್ಟು ಸಾಲು ಬೇಕು ಅಂತ ಎಣಿಸುತ್ತೆ. ಇಲ್ಲಿ ಮೂರು. ಆಮೇಲೆ ಆ ಮೂರು ನಾಲ್ಕಾಗದ ಹಾಗೆ ಸಾಲಿನ ಅಗಲವನ್ನ ಎಷ್ಟು ಕಮ್ಮಿ ಮಾಡಬಹುದು ಅಂತ ಹುಡುಕಿ, ಆ ಅಗಲಕ್ಕೆ ಪದಗಳನ್ನ ಜೋಡಿಸುತ್ತೆ:

ದಸರಾ ರಜೆಯಲ್ಲಿ
ನಿಲ್ದಾಣದ ಪಾರ್ಕಿಂಗ್‌ಗೆ
ಹೆಚ್ಚುವರಿ ಶುಲ್ಕ ಇಲ್ಲ

ಅದೇ ಮೂರು ಸಾಲು, ಒಂದು ಪದವೂ ಬದಲಾಗಿಲ್ಲ. ಪರದೆ ಬದಲಾದರೆ ಲೆಕ್ಕ ಮತ್ತೆ ಹೊಸದಾಗಿ ನಡೆಯುತ್ತೆ.

“ಎಲ್ಲಾ ಬ್ರೌಸರಲ್ಲೂ ನಡೆಯಲ್ಲ” ಅನ್ನೋ ನೆಪ ಹಳೇದಾಯ್ತು. ಕ್ರೋಮ್ 114 ಮತ್ತು ಫೈರ್‌ಫಾಕ್ಸ್ 121 ಇದನ್ನ ಕೊಟ್ಟದ್ದು 2023ರಲ್ಲಿ, ಸಫಾರಿ 17.5 ಕೊಟ್ಟದ್ದು 2024ರಲ್ಲಿ. ಗೊತ್ತಿಲ್ಲದ ಹಳೇ ಬ್ರೌಸರ್ ಆ ಸಾಲನ್ನ ಸುಮ್ಮನೆ ಬಿಟ್ಟುಬಿಡುತ್ತೆ, ಮೊದಲಿದ್ದ ಹಾಗೇ ತೋರಿಸುತ್ತೆ. ನಷ್ಟ ಏನೂ ಇಲ್ಲ.

ಹಾಗಂತ ಸಿಕ್ಕಸಿಕ್ಕಲ್ಲಿ ಹಾಕಬೇಡಿ. ಮೇಲಿನ ಅಂಶದಿಂದ ಕೆಳಗಿನದಕ್ಕೆ ತಾನಾಗೇ ಇಳಿಯೋ ಗುಣ ಇದಕ್ಕಿದೆ. ಆದ್ದರಿಂದ `body`ಗೆ ಹಾಕಿದರೆ ಪುಟದಲ್ಲಿರೋ ಸಣ್ಣ ಪ್ಯಾರಾಗಳೂ ಕುಗ್ಗಿ ಕೂರುತ್ತವೆ. ಕ್ರೋಮ್, ಫೈರ್‌ಫಾಕ್ಸ್‌ಗಳಲ್ಲಿ ದೊಡ್ಡ ಪ್ಯಾರಾಕ್ಕಂತೂ ಇದು ಕೆಲಸವನ್ನೇ ಮಾಡಲ್ಲ. ಸಾಲುಗಳನ್ನ ಹೀಗೆ ತೂಗಿ ನೋಡೋದು ಬ್ರೌಸರಿಗೆ ದುಬಾರಿ ಕೆಲಸ, ಅದಕ್ಕೆ ಕ್ರೋಮ್ 6 ಸಾಲಿಗೆ, ಫೈರ್‌ಫಾಕ್ಸ್ 10 ಸಾಲಿಗೆ ಮಿತಿ ಹಾಕಿಕೊಂಡಿವೆ. ಪ್ಯಾರಾಗಳಿಗೆ `text-wrap: pretty` ಅನ್ನೋ ಬೇರೆ ಬೆಲೆಯೇ ಇದೆ.

ಇನ್ನೊಂದು ಗಮನಿಸಿ: ಕುಗ್ಗೋದು ಸಾಲು ಮಾತ್ರ, ಪೆಟ್ಟಿಗೆಯಲ್ಲ. ತಲೆಬರಹದ ಹಿಂದೆ ಬಣ್ಣ ಇದ್ದರೆ ಬಲಗಡೆ ಖಾಲಿ ಜಾಗ ಎದ್ದು ಕಾಣುತ್ತೆ. ನಮ್ಮ ಹಳದಿ ಪಟ್ಟಿಯಲ್ಲಿ ಕಂಡೇಬಿಡ್ತು. ಕೊನೆಗೆ ತಲೆಬರಹವನ್ನ ನಡುವೆ ಕೂರಿಸಿದೆವು.

ಮತ್ತೆ, ಇದು ಅಗಲ ಅಳೆಯುತ್ತೆಯೇ ಹೊರತು ಅರ್ಥ ಓದಲ್ಲ. ಕೊನೇ ಪದ ತುಂಬ ಉದ್ದ ಇದ್ದರೆ ಅದು ಒಂಟಿಯಾಗೇ ಉಳಿಯಬಹುದು. ಆದ್ದರಿಂದ ಕೆಲಸ ಮುಗಿದ ಮೇಲೆ ವಿಂಡೋದ ಅಂಚು ಹಿಡಿದು ನಿಧಾನಕ್ಕೆ ಎಳೀರಿ. ಡಮ್ಮಿ ಇಂಗ್ಲಿಷ್ ಹಾಕಿ ಅಲ್ಲ, ನಿಜವಾದ ಕನ್ನಡದ ತಲೆಬರಹ ಹಾಕಿ. ಡಮ್ಮಿ ಅಕ್ಷರದಲ್ಲಿ ಡಿಸೈನ್ ಒಪ್ಪಿಸಿ, ಕನ್ನಡವನ್ನ ಕೊನೇ ದಿನ ಸುರಿಯೋ ಚಾಳಿಯಿಂದಲೇ ನಮ್ಮ ‘ಇಲ್ಲ’ಗಳು ಬೀದಿಗೆ ಬಿದ್ದಿರೋದು.

ಆ ಸೂಚನೆ ನೋಡಿ ದುಡ್ಡು ಕಟ್ಟಬೇಕೇನೋ ಅಂತ ಗಾಡಿ ಬೇರೆ ಕಡೆ ನಿಲ್ಲಿಸಿದವರು ಯಾರಾದರೂ ಇದ್ದರೆ, ತಪ್ಪು ಅವರದಲ್ಲ. ಒಂದು ಸಾಲು ಬರೆಯೋಕೆ ಸೋಮಾರಿತನ ಮಾಡಿದ ನಮ್ಮದು.