ಆಸನಕ್ಕೊಂದು ಹೆಸರು

ಪ್ರವಾಸದ ಬಸ್ಸಿನಲ್ಲಿ ತಲೆಯೆಣಿಕೆಯೊಂದೇ ಸಾಕೆಂಬ ಭಾವನೆ ಅನೇಕರಲ್ಲಿದೆ. ಅದು ಸಾಲದು. ಎಣಿಕೆಯು ಎಷ್ಟು ಮಂದಿ ಇದ್ದಾರೆಂಬುದನ್ನು ತಿಳಿಸುವುದೇ ಹೊರತು ಯಾರಿಲ್ಲವೆಂಬುದನ್ನು ತಿಳಿಸಲಾರದು.

ಚಿಂಚೋಳಿಯಿಂದ ಹೊರಟು ಸೇಡಂ, ಚಿತ್ತಾಪುರ, ವಾಡಿಗಳ ಮಾರ್ಗವಾಗಿ ಸನ್ನತಿಗೆ ಹೋಗುವ ಬಸ್ಸೊಂದನ್ನು ಊಹಿಸಬಹುದು. ಚಿಂಚೋಳಿಯಲ್ಲಿ 12, ಸೇಡಂನಲ್ಲಿ 16, ಚಿತ್ತಾಪುರದಲ್ಲಿ 10, ವಾಡಿಯಲ್ಲಿ ಶಹಾಬಾದಿನಿಂದ ರೈಲಿನಲ್ಲಿ ಬಂದವರೂ ಸೇರಿ 8. ಒಟ್ಟು 46 ವಿದ್ಯಾರ್ಥಿಗಳು. ಇವರ ಪಟ್ಟಿಯನ್ನು ಅಕಾರಾದಿಯಾಗಿ ಬರೆಯದೆ, ಹತ್ತುವ ಊರಿನ ಕ್ರಮದಲ್ಲಿಯೇ ಬರೆಯಬೇಕು. ಮುಂಬಾಗಿಲಿನ ಬಸ್ಸಾದರೆ ಮೊದಲು ಹತ್ತುವವರಿಗೆ ಹಿಂದಿನ ಆಸನಗಳನ್ನೂ ಕಡೆಗೆ ಹತ್ತುವವರಿಗೆ ಮುಂದಿನವನ್ನೂ ಗೊತ್ತುಪಡಿಸಬೇಕು. ಆಗ ಆಯಾ ಊರಿನ ಸಾಲಿನಲ್ಲಿ ತೆರವಾದ ಆಸನವೇ ಬಾರದವರು ಯಾರೆಂಬುದನ್ನು ಅಲ್ಲಿಯೇ ಹೇಳುತ್ತದೆ. ಮರಳುವಾಗ ಮೊದಲು ಇಳಿಯುವ ವಾಡಿಯವರು ಬಾಗಿಲ ಬಳಿಯಲ್ಲಿರುತ್ತಾರೆ.

ವಾಡಿಯಲ್ಲಿ ಒಬ್ಬನು ಬಾರದೆ, ಇನ್ನೊಬ್ಬನ ತಮ್ಮನು ಪಟ್ಟಿಯಲ್ಲಿಲ್ಲದೆಯೂ ಹತ್ತಿದನೆನ್ನೋಣ. ಎಣಿಕೆ 46 ಸರಿಯಾಗುತ್ತದೆ; ಪಟ್ಟಿ ತಪ್ಪುತ್ತದೆ. ಆದ್ದರಿಂದ ಉಪಾಧ್ಯಾಯರು ಆಸನದ ಸಂಖ್ಯೆಯನ್ನು ಕೂಗಬೇಕು, ವಿದ್ಯಾರ್ಥಿಯು ತನ್ನ ಹೆಸರನ್ನು ಹೇಳಬೇಕು. ಬರಿಯ 'ಹಾಜರ್' ಎಂಬ ಉತ್ತರವನ್ನು ಪಕ್ಕದವನೂ ಕೊಡಬಲ್ಲನು.

ಸನ್ನತಿಯ ಸಮೀಪದ ಕನಗನಹಳ್ಳಿಯಲ್ಲಿ ಅಶೋಕನ ಹೆಸರು ಕೊರೆದ ಶಿಲ್ಪವನ್ನು ನೋಡಿದ ಮಕ್ಕಳು ಭೀಮಾ ನದಿಯ ಕಡೆಗೆ ಚದುರುವುದು ಸಹಜ. ಸ್ತೂಪದ ಬಳಿಯಿಂದ ಕದಲುವ ಮುನ್ನ ಒಮ್ಮೆ, ಬಸ್ಸು ಚಲಿಸುವ ಮುನ್ನ ಮತ್ತೊಮ್ಮೆ ಹಾಜರಿ ತೆಗೆಯಬೇಕು. ಪಟ್ಟಿಯ ಪ್ರತಿಯೊಂದು ಶಾಲೆಯಲ್ಲಿಯೂ ಉಳಿದಿರಬೇಕು. ಮರಳುವಾಗ ಇಳಿದವರ ಹೆಸರಿಗೆ ಗುರುತು ಹಾಕುತ್ತ ಬಂದು, ಚಿಂಚೋಳಿಯಲ್ಲಿ ಕಡೆಯ ಹೆಸರು ಮುಗಿದ ಬಳಿಕವೇ ಆ ಪಟ್ಟಿಯನ್ನು ಮಡಿಚತಕ್ಕದ್ದು.