ಮದುಮಗಳ ಮುಖವಿಲ್ಲದೆಯೂ ತಿಂಗಳು ತುಂಬುತ್ತದೆ

ಮೂರು ವರ್ಷದ ಹಿಂದೆ ಉಪ್ಪಳದ ಒಂದು ಮಂಗಿಲದಲ್ಲಿ ಮದುಮಗಳಿಗೆ ಮೇಕಪ್ ಮಾಡಿದ್ದೆ. ಆ ರಾತ್ರಿಯೇ ಅವಳ ರೀಲ್ ಹಾಕಿದೆ. ಅವಳು ಹೂಂ ಎಂದಿದ್ದಳು, ಆದರೆ ಅವಳ ಉಮ್ಮನನ್ನು ಯಾರೂ ಕೇಳಿರಲಿಲ್ಲ. ಬೆಳಿಗ್ಗೆ ಅವರು ಫೋನ್ ಮಾಡಿ, "ಮಗಳೇ, ನಮ್ಮ ಮಗುವಿನ ಮುಖವನ್ನು ಊರೆಲ್ಲಾ ನೋಡುವ ಹಾಗೆ ಮಾಡಿದೆಯಲ್ಲ" ಎಂದರು. ಕೂಡಲೇ ಅಳಿಸಿದೆ. ಆದರೆ ಆ ಮನೆಯ ಮುಂದಿನ ಎರಡು ಮದುವೆಗೆ ನನ್ನನ್ನು ಕರೆಯಲಿಲ್ಲ.

ನಮ್ಮ ಹುಡುಗಿಯರು ಈಗ ಈ ಕೆಲಸಕ್ಕೆ ಹೆಚ್ಚು ಬರುತ್ತಿದ್ದಾರೆ. ಅವರಿಗೆ ಸಿಗುವ ಸಲಹೆ ಒಂದೇ: ದಿನವೂ ಹಾಕು, ಮದುಮಗಳ ಮುಖ ತೋರಿಸು. ನಮ್ಮ ಊರಿಗೆ ಈ ಸಲಹೆ ಸರಿಯಲ್ಲ ಎಂಬುದು ನನ್ನ ಅಭಿಪ್ರಾಯ.

ನನ್ನ ಲೆಕ್ಕ ಇಷ್ಟೇ. ವಾರಕ್ಕೆ ಒಂದು ರೀಲ್, ಎರಡು ಫೋಟೋ. ತಿಂಗಳಿಗೆ ನಾಲ್ಕು ರೀಲ್, ಎಂಟು ಫೋಟೋ. ತಿಂಗಳ ಆರಂಭದಲ್ಲಿ ಒಂದು ದಿನ ಒಪ್ಪಿಗೆಯಿರುವ ಒಬ್ಬ ಸಂಬಂಧಿಕಳನ್ನು ಕಿಟಕಿಯ ಪಕ್ಕ ಕೂರಿಸಿ ನಾಲ್ಕಕ್ಕೂ ಬೇಕಾದದ್ದನ್ನು ಚಿತ್ರೀಕರಿಸಿಕೊಳ್ಳುತ್ತೇನೆ. ಫಿಲ್ಟರ್ ಹಾಕುವುದಿಲ್ಲ. ಫಿಲ್ಟರ್ ಹಾಕಿದರೆ ಚರ್ಮ ನುಣುಪಾಗಿ ಕಾಣುತ್ತದೆ, ಆದರೆ ಫೌಂಡೇಶನ್ ಬಣ್ಣ ಕುತ್ತಿಗೆಗೆ ಹೊಂದಿದೆಯೇ ಎಂಬುದು ಕಾಣುವುದಿಲ್ಲ. ಮನೆಯವರು ನೋಡುವುದು ಅದನ್ನೇ.

ಮೊದಲ ವಾರದ ರೀಲ್ ಫ್ಲಾಶ್ ಬಗ್ಗೆ. ಒಂದೇ ಮುಖವನ್ನು ಕಿಟಕಿಯ ಬೆಳಕಿನಲ್ಲಿ, ಆಮೇಲೆ ಮೊಬೈಲ್ ಫ್ಲಾಶ್‌ನಲ್ಲಿ ತೋರಿಸುತ್ತೇನೆ. ಸಿಲಿಕಾ ಇರುವ ಪೌಡರ್ ಹೆಚ್ಚಾದರೆ ಫ್ಲಾಶ್‌ನಲ್ಲಿ ಕಣ್ಣಿನ ಕೆಳಗೆ ಬಿಳಿ ಮಚ್ಚೆ ಬರುತ್ತದೆ. ಮದುವೆ ಹಾಲ್‌ನಲ್ಲಿ ಎಲ್ಲರ ಕೈಯಲ್ಲೂ ಫ್ಲಾಶ್ ಇರುವಾಗ ಇದು ತಾಯಂದಿರಿಗೆ ಕೂಡಲೇ ಅರ್ಥವಾಗುತ್ತದೆ.

ಎರಡನೇ ವಾರ ಸೆಖೆಯ ಪರೀಕ್ಷೆ. ಬೆಳಿಗ್ಗೆ ಹತ್ತಕ್ಕೆ ಮೇಕಪ್ ಮುಗಿಸಿ, ಊಟವಾದ ಮೇಲೆ ಮೂರಕ್ಕೆ ಅದೇ ಜಾಗದಲ್ಲಿ ಮತ್ತೆ ಚಿತ್ರ. ಮೂಗಿನ ಪಕ್ಕ ಎಷ್ಟು ಜಾರಿದೆ, ಟಿಶ್ಯೂ ಒತ್ತಿ ಹೇಗೆ ಸರಿಮಾಡುವುದು ಎಂದು ತೋರಿಸುತ್ತೇನೆ. ಜಾರಿದ್ದನ್ನು ಮುಚ್ಚಿಡುವುದಿಲ್ಲ.

ಮೂರನೇ ವಾರ ಮುಖವೇ ಬೇಡ. ಮೈಲಾಂಜಿ ಕೈ, ಕಣ್ಣು ಮಾತ್ರ, ಶಾಲಿಗೆ ಪಿನ್ ಹಾಕುವ ರೀತಿ. ನಾಲ್ಕನೇ ವಾರ ಟ್ರಯಲ್ ದಿನ ಏನು ನಡೆಯುತ್ತದೆ, ಎಷ್ಟು ಹೊತ್ತು ಬೇಕು, ಯಾವ ತಿಂಗಳ ದಿನಗಳು ಖಾಲಿ ಇವೆ ಎಂದು ನನ್ನ ದನಿಯಲ್ಲೇ ಬ್ಯಾರಿಯಲ್ಲಿ ಹೇಳುತ್ತೇನೆ. ಹಾಡು ಬೇಡವೆನ್ನುವ ಮನೆಯವರೂ ಕೇಳಬಹುದು. ಬಿಸಿನೆಸ್ ಖಾತೆಗಳಿಗೆ ಜನಪ್ರಿಯ ಹಾಡುಗಳು ಹೇಗೂ ಹೆಚ್ಚು ಸಿಗುವುದಿಲ್ಲ. ಪ್ರತಿ ಬರಹದ ಮೊದಲ ಸಾಲಿನಲ್ಲಿ ಮಂಜೇಶ್ವರ, ಉಪ್ಪಳ, ಕುಂಬಳೆ ಎಂದು ಊರ ಹೆಸರು ಇರುತ್ತದೆ.

ಕ್ಯಾಲೆಂಡರ್‌ನಲ್ಲಿ ಹಿಜರಿ ತಿಂಗಳನ್ನೂ ಬರೆದಿಡಬೇಕು. ರಂಝಾನಿನಲ್ಲಿ ನಮ್ಮಲ್ಲಿ ಮದುವೆ ಇರುವುದಿಲ್ಲವೆಂದೇ ಹೇಳಬಹುದು, ಪೆರ್ನಾಲ್ ಕಳೆದ ಮೇಲೆ ಸಾಲುಸಾಲಾಗಿ ಬರುತ್ತವೆ. ರಂಝಾನ್ ವರ್ಷವೂ ಸುಮಾರು 11 ದಿನ ಹಿಂದೆ ಸರಿಯುವುದರಿಂದ ಕಳೆದ ವರ್ಷದ ಪಟ್ಟಿಯನ್ನೇ ನಕಲು ಮಾಡಿದರೆ ತಪ್ಪುತ್ತದೆ. ಗಲ್ಫಿನವರು ರಜೆ ಸಿಕ್ಕ ಕೂಡಲೇ ದಿನ ಗೊತ್ತು ಮಾಡುತ್ತಾರೆ. ಹಾಗಾಗಿ ಖಾಲಿ ದಿನಗಳ ರೀಲನ್ನು ಪೆರ್ನಾಲ್ ಆದ ಮೇಲಲ್ಲ, ಎರಡು ಮೂರು ತಿಂಗಳು ಮೊದಲೇ ಹಾಕಬೇಕು.

ನಿಜವಾದ ಮದುಮಗಳ ಚಿತ್ರಕ್ಕೆ ಪಟ್ಟಿಯಲ್ಲಿ ಒಂದೇ ಜಾಗ ಬಿಟ್ಟಿದ್ದೇನೆ. ಟ್ರಯಲ್ ದಿನವೇ, ಮನೆಯವರೂ ಇರುವಾಗ ಕೇಳುತ್ತೇನೆ: ಪೂರ್ತಿ ಮುಖವೇ, ಕಣ್ಣು ಮತ್ತು ಕೈ ಮಾತ್ರವೇ, ಏನೂ ಬೇಡವೇ? ಉತ್ತರವನ್ನು ವಾಟ್ಸಾಪ್‌ನಲ್ಲಿ ಬರೆಸಿಕೊಳ್ಳುತ್ತೇನೆ. ಮದುವೆಯ ದಿನದ ಗಡಿಬಿಡಿಯಲ್ಲಿ ಹೇಳುವ ಹೂಂ ಒಪ್ಪಿಗೆಯಲ್ಲ. ಹಾಕುವುದು ಒಂದು ವಾರ ಕಳೆದ ಮೇಲೆ, ಮತ್ತೊಮ್ಮೆ ಕೇಳಿ. ಬೇಡವೆಂದರೆ ಆ ಜಾಗದಲ್ಲಿ ಮೈಲಾಂಜಿ ಕೈಯ ಫೋಟೋ ಬರುತ್ತದೆ.

ಇದರಿಂದ ನೋಡುವವರು ಕಡಿಮೆಯಾಗುತ್ತಾರೆ, ಅದು ನಿಜ. ಮೊದಲು ನನ್ನ ಒಂದು ರೀಲ್ ಸಾವಿರಾರು ಜನರನ್ನು ಮುಟ್ಟಿತ್ತು, ಆದರೆ ಕಮೆಂಟ್ ಹಾಕಿದವರೆಲ್ಲ ಎಲ್ಲೆಲ್ಲಿಯವರೋ. ಒಬ್ಬರೂ ಮದುವೆಯ ತಾರೀಕು ಹೇಳಿ ಕೇಳಲಿಲ್ಲ. ಈಗ ತಿಂಗಳ ಕೊನೆಗೆ ನಾನು ಎಣಿಸುವುದು ಎರಡನ್ನು ಮಾತ್ರ: ಎಷ್ಟು ಜನ ಸೇವ್ ಮಾಡಿದರು, ಎಷ್ಟು ಜನ ತಾರೀಕು ಹೇಳಿ ಮೆಸೇಜ್ ಹಾಕಿದರು. ಫ್ಲಾಶ್ ರೀಲನ್ನು ನೋಡಿದವರು ಕಡಿಮೆ, ತಾರೀಕು ತಂದದ್ದು ಅದೇ ಹೆಚ್ಚು.

ಕಳೆದ ಪೆರ್ನಾಲ್ ನಂತರ ಅದೇ ಉಪ್ಪಳದ ಮನೆಯಿಂದ ಕಿರಿಯ ಮಗಳಿಗಾಗಿ ಫೋನ್ ಬಂತು. ಉಮ್ಮನೇ ಮಾತಾಡಿದರು. ಟ್ರಯಲ್ ದಿನ ನಾನು ಕೇಳುವ ಮೊದಲೇ, "ಕೈಯದ್ದು ಮಾತ್ರ ಹಾಕು" ಎಂದರು.